ಒಂದು ವಿಂಡೋ ಬೇಕಿತ್ತು, ಇಡೀ ಡೆಸ್ಕ್‌ಟಾಪ್ ಬಂತು: ಆಲ್ಟ್ + ಪ್ರಿಂಟ್ ಸ್ಕ್ರೀನ್ ಕೈಕೊಟ್ಟಾಗ

ದಾವಣಗೆರೆ ಎಪಿಎಂಸಿ ಯಾರ್ಡ್‌ನ ಒಂದು ಕಮಿಷನ್ ಅಂಗಡಿಯಿಂದ ಫೋನ್ ಬಂತು. ಲೆಕ್ಕ ಬರೆಯುವ ಹುಡುಗಿ ಗಾಬರಿಯಲ್ಲಿದ್ದಳು. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಎರರ್ ಬಂದಿತ್ತು. ಅದರ ಸ್ಕ್ರೀನ್‌ಶಾಟ್ ತೆಗೆದು ಚಿತ್ರದುರ್ಗದ ಆಡಿಟರ್‌ಗೆ ಕಳಿಸಿದ್ದಳು. ಆದರೆ ಎರರ್ ಜೊತೆಗೆ ಪಕ್ಕದಲ್ಲಿ ತೆರೆದಿದ್ದ ವಾಟ್ಸಾಪ್ ವೆಬ್ ಕೂಡ ಬಂದಿತ್ತು. ಅದರಲ್ಲಿ ಒಬ್ಬ ರೈತರ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಪೂರ್ತಿ ಕಾಣುತ್ತಿತ್ತು.

"ಸರ್, ನಾನು ಆಲ್ಟ್ ಹಿಡಿದೇ ಒತ್ತಿದೀನಿ. ಆದ್ರೂ ಎಲ್ಲಾ ಬರ್ತಿದೆ" ಅಂದಳು.

ಅವಳು ಹೇಳಿದ್ದು ನಿಜವೇ. ಆಲ್ಟ್ ಒತ್ತಿದ್ದಳು. ಆದರೂ ತಪ್ಪಿತು. ಹೀಗೆ ತಪ್ಪುವುದಕ್ಕೆ ಹಲವು ಕಾರಣ ಇವೆ. ಕಾರಣ ಯಾವುದು ಅನ್ನುವುದು ಬಂದ ಚಿತ್ರದಲ್ಲೇ ಗೊತ್ತಾಗುತ್ತದೆ. ಅದಕ್ಕೇ ಇಲ್ಲಿ ಕಣ್ಣಿಗೆ ಕಾಣುವ ಲಕ್ಷಣದಿಂದಲೇ ಶುರು ಮಾಡಿದ್ದೇನೆ. ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಕೀಬೋರ್ಡ್‌ಗೇ ಕೈ ಹಾಕಬೇಕಾದವು ಕೊನೆಗೆ.

ಮೊದಲು, ಸರಿ ಇದ್ದರೆ ಏನಾಗಬೇಕು

ಪ್ರಿಂಟ್ ಸ್ಕ್ರೀನ್ ಕೀ ಮೇಲೆ `PrtSc`, `PrtScn` ಅಥವಾ `Prt Scr` ಎಂದು ಬರೆದಿರುತ್ತದೆ. ಅದೊಂದನ್ನೇ ಒತ್ತಿದರೆ ಸಾಮಾನ್ಯವಾಗಿ ಪರದೆಯ ಮೇಲಿರುವುದೆಲ್ಲ ಕ್ಲಿಪ್‌ಬೋರ್ಡ್‌ಗೆ ಹೋಗುತ್ತದೆ. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಮಾತ್ರ ಬೇರೆ ಟೂಲ್ ತೆರೆಯುತ್ತದೆ, ಅದನ್ನು ಮುಂದೆ ಹೇಳಿದ್ದೇನೆ. ಎರಡು ಮಾನಿಟರ್ ಇದ್ದರೆ ಎರಡೂ ಸೇರಿ ಒಂದೇ ಉದ್ದ ಚಿತ್ರವಾಗುತ್ತದೆ. ಆಲ್ಟ್ ಹಿಡಿದು ಒತ್ತಿದರೆ ಆ ಕ್ಷಣಕ್ಕೆ ಚಾಲ್ತಿಯಲ್ಲಿರುವ ಒಂದು ವಿಂಡೋ ಮಾತ್ರ ಹೋಗುತ್ತದೆ.

ಒತ್ತಿದಾಗ ಸದ್ದು ಬರುವುದಿಲ್ಲ. ಪರದೆ ಮಿನುಗುವುದಿಲ್ಲ. ಸಾಮಾನ್ಯವಾಗಿ ಫೈಲ್ ಕೂಡ ಸೇವ್ ಆಗುವುದಿಲ್ಲ. ಚಿತ್ರ ಸುಮ್ನೆ ಕ್ಲಿಪ್‌ಬೋರ್ಡ್‌ನಲ್ಲಿ ಕೂತಿರುತ್ತದೆ. ಪೇಂಟ್, ವರ್ಡ್ ಅಥವಾ ವಾಟ್ಸಾಪ್ ವೆಬ್ ತೆರೆದು ಕಂಟ್ರೋಲ್ + ವಿ ಒತ್ತಿದರೆ ಆಗ ಕಾಣುತ್ತದೆ. "ಏನೂ ಆಗ್ಲಿಲ್ಲ" ಎಂದು ಫೋನ್ ಮಾಡುವವರಲ್ಲಿ ಎಷ್ಟೋ ಜನರ ಕ್ಲಿಪ್‌ಬೋರ್ಡ್‌ನಲ್ಲಿ ಚಿತ್ರ ಸರಿಯಾಗಿಯೇ ಇರುತ್ತದೆ.

ಯಾವ ಪರೀಕ್ಷೆ ಮಾಡುವುದಿದ್ದರೂ ನೋಟ್‌ಪ್ಯಾಡ್ ತೆರೆದು, ಅದನ್ನು ಪರದೆಯ ಕಾಲು ಭಾಗದಷ್ಟು ಚಿಕ್ಕದು ಮಾಡಿಕೊಂಡು ಅದರ ಮೇಲೆ ಮಾಡಿ. ಗಿರಾಕಿಯ ಲೆಕ್ಕ ತೆರೆದಿಟ್ಟುಕೊಂಡು ಪರೀಕ್ಷೆ ಮಾಡಬೇಡಿ. ಪರೀಕ್ಷೆಯ ಚಿತ್ರವೇ ಯಾರಿಗಾದರೂ ಹೋಗಿಬಿಟ್ಟರೆ ಕಷ್ಟ.

ಲಕ್ಷಣ: ಆಲ್ಟ್ ಒತ್ತಿದರೂ ಇಡೀ ಡೆಸ್ಕ್‌ಟಾಪ್ ಬರುತ್ತಿದೆ

ಇದೇ ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರು. ಇದರೊಳಗೆ ಮೂರು ಬೇರೆ ಬೇರೆ ವಿಷಯ ಇವೆ, ಅಂಗಡಿಯಲ್ಲಿ ಅವತ್ತು ಮೂರರಲ್ಲಿ ಎರಡು ಒಟ್ಟಿಗೇ ಇದ್ದವು.

ಮೊದಲನೆಯದು ಬೆರಳಿನ ಕ್ರಮ. ಎಡಗೈಯಿಂದ ಆಲ್ಟ್ ಒತ್ತಿ ಹಿಡಿಯಿರಿ. ಹಿಡಿದಿರುವಾಗಲೇ ಬಲಗೈಯಿಂದ ಪ್ರಿಂಟ್ ಸ್ಕ್ರೀನ್ ಒಮ್ಮೆ ತಟ್ಟಿ. ಆಮೇಲೆ ಆಲ್ಟ್ ಬಿಡಿ. ಎರಡನ್ನೂ ಒಟ್ಟಿಗೆ ಟಕ್ ಅಂತ ಒತ್ತಿದರೆ ಪ್ರಿಂಟ್ ಸ್ಕ್ರೀನ್ ಒಂದು ಕೂದಲೆಳೆ ಮೊದಲು ತಲುಪಬಹುದು. ಆಗ ವಿಂಡೋಸ್‌ಗೆ ಬರೀ ಪ್ರಿಂಟ್ ಸ್ಕ್ರೀನ್ ಒತ್ತಿದ ಹಾಗೆ. ಇಡೀ ಡೆಸ್ಕ್‌ಟಾಪ್ ಬರುತ್ತದೆ.

ಯಾವ ಆಲ್ಟ್ ಅನ್ನುವುದೂ ಮುಖ್ಯ. ಪ್ರಿಂಟ್ ಸ್ಕ್ರೀನ್ ಕೀ ಬಲಗಡೆ ಇರುತ್ತದಲ್ವಾ, ಹಾಗಾಗಿ ಬಲಗಡೆಯ ಆಲ್ಟ್ ಜೊತೆ ಒಂದೇ ಕೈಯಲ್ಲಿ ಒತ್ತುವ ಆಸೆ ಆಗುತ್ತದೆ. ಆದರೆ ರೂಪಾಯಿ ಚಿಹ್ನೆಗೆಂದು ಇಂಡಿಯಾ ಇಂಗ್ಲಿಷ್ ಕೀಬೋರ್ಡ್ ಹಾಕಿಕೊಂಡವರಿಗೆ ಬಲ ಆಲ್ಟ್ ಬರೀ ಆಲ್ಟ್ ಅಲ್ಲ. ಅದು ಆಲ್ಟ್ ಜಿಆರ್. ಬಲ ಆಲ್ಟ್ + 4 ಒತ್ತಿದರೆ ₹ ಬರುವುದು ಅದರಿಂದಲೇ. ವಿಂಡೋಸ್ ಅದನ್ನು ಕಂಟ್ರೋಲ್ + ಆಲ್ಟ್ ಎಂದು ಓದುತ್ತದೆ. ಪರೀಕ್ಷೆ ಮಾಡುವಾಗ ಎಡ ಆಲ್ಟ್ ಅನ್ನೇ ಬಳಸಿ. ಗೊಂದಲ ಒಂದು ಕಡಿಮೆಯಾಗುತ್ತದೆ.

ಎರಡನೆಯದು, ಯಾವ ವಿಂಡೋ ಚಾಲ್ತಿಯಲ್ಲಿದೆ ಅನ್ನುವುದು. ಕೊನೆಯ ಕ್ಲಿಕ್ ಡೆಸ್ಕ್‌ಟಾಪ್‌ನ ಖಾಲಿ ಜಾಗದ ಮೇಲೆ ಬಿದ್ದಿದ್ದರೆ ಚಾಲ್ತಿಯಲ್ಲಿರುವುದು ಡೆಸ್ಕ್‌ಟಾಪೇ. ಆಲ್ಟ್ ಸರಿಯಾಗಿ ಒತ್ತಿದ್ದರೂ ಡೆಸ್ಕ್‌ಟಾಪ್ ಬರುತ್ತದೆ. ಬೇಕಾದ ವಿಂಡೋದ ಮೇಲಿನ ಪಟ್ಟಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಆಮೇಲೆ ಕೀ ಒತ್ತಿ. ಮೇಲಿನ ಪಟ್ಟಿಯನ್ನೇ ಹೇಳುತ್ತಿದ್ದೇನೆ. ವಿಂಡೋದ ನಡುವೆ ಕ್ಲಿಕ್ ಮಾಡಿದರೆ ಯಾವುದಾದರೂ ಬಟನ್ ಮೇಲೆ ಬಿದ್ದು ಎರರ್ ಸಂದೇಶವೇ ಮುಚ್ಚಿಹೋಗಬಹುದು.

ಮೂರನೆಯದನ್ನು ದೋಷ ಅಂತ ಕರೆಯುವ ಹಾಗೇ ಇಲ್ಲ. ವಿಂಡೋ ಪರದೆ ತುಂಬ ದೊಡ್ಡದಾಗಿದ್ದರೆ ಆ ಒಂದು ವಿಂಡೋದ ಚಿತ್ರವೂ ಪರದೆಯಷ್ಟೇ ದೊಡ್ಡದು. ನೋಡಿದವರಿಗೆ ಇಡೀ ಡೆಸ್ಕ್‌ಟಾಪ್ ಬಂದ ಹಾಗೆ ಕಾಣುತ್ತದೆ. ಗುರುತು ಹಿಡಿಯುವುದು ಸುಲಭ. ಚಿತ್ರದ ಕೆಳಗಡೆ ನೋಡಿ. ಗಡಿಯಾರ ಇರುವ ಟಾಸ್ಕ್‌ಬಾರ್ ಕಾಣಿಸಿದರೆ ಇಡೀ ಡೆಸ್ಕ್‌ಟಾಪ್ ಬಂದಿದೆ. ಟಾಸ್ಕ್‌ಬಾರ್ ಇಲ್ಲದಿದ್ದರೆ ಬಂದಿರುವುದು ವಿಂಡೋ ಮಾತ್ರ. ಟಾಸ್ಕ್‌ಬಾರ್ ತಾನಾಗಿ ಅಡಗುವಂತೆ ಇಟ್ಟುಕೊಂಡವರಿಗೆ ಮಾತ್ರ ಈ ಗುರುತು ಕೆಲಸಕ್ಕೆ ಬರುವುದಿಲ್ಲ.

ಅನುಮಾನ ಇದ್ದರೆ ಅಳತೆ ನೋಡಿ

ಕಣ್ಣಿಗಿಂತ ಅಂಕಿ ನಂಬಿಕೆಗೆ ಅರ್ಹ. ಸ್ಕ್ರೀನ್‌ಶಾಟ್ ಒತ್ತಿದ ಮೇಲೆ ಸ್ಟಾರ್ಟ್ ಮೆನುವಿನಲ್ಲಿ `Windows PowerShell` ಎಂದು ಹುಡುಕಿ ತೆರೆಯಿರಿ. ಈ ಸಾಲನ್ನು ಕೈಯಿಂದಲೇ ಟೈಪ್ ಮಾಡಿ ಎಂಟರ್ ಒತ್ತಿ:

```
Get-Clipboard -Format Image
```

ಕಾಪಿ ಮಾಡಿ ಅಂಟಿಸಬೇಡಿ. ಕಾಪಿ ಮಾಡಿದ ತಕ್ಷಣ ಕ್ಲಿಪ್‌ಬೋರ್ಡ್‌ನಲ್ಲಿದ್ದ ಚಿತ್ರ ಹೋಗಿ ಈ ಸಾಲು ಬಂದು ಕೂರುತ್ತದೆ. ಆಗ ಪರೀಕ್ಷೆಯೇ ಸುಳ್ಳಾಗುತ್ತದೆ. ಈ ಸಾಲು ಕಂಪ್ಯೂಟರ್‌ನಲ್ಲಿ ಏನನ್ನೂ ಬದಲಾಯಿಸುವುದಿಲ್ಲ, ಸುಮ್ನೆ ಓದುತ್ತದೆ. ಹಾಗಾಗಿ ಧೈರ್ಯವಾಗಿ ಮಾಡಬಹುದು.

ಉತ್ತರದಲ್ಲಿ `Width` ಮತ್ತು `Height` ಎಂಬ ಎರಡು ಸಾಲು ನೋಡಿ. ಯಾರ್ಡ್ ಅಂಗಡಿಯ ಮಾನಿಟರ್ 1920 × 1080. ವಿಂಡೋಸ್ 10. ಹುಡುಗಿ ತನ್ನ ಅಭ್ಯಾಸದ ಹಾಗೆ ಎರಡೂ ಕೀ ಒಟ್ಟಿಗೆ ಒತ್ತಿದಾಗ ಬಂದದ್ದು 1920 ಮತ್ತು 1080. ಅಂದರೆ ನಿಜಕ್ಕೂ ಇಡೀ ಪರದೆ. ಆಲ್ಟ್ ತಡವಾಗಿ ತಲುಪಿತ್ತು.

ಬೆರಳಿನ ಕ್ರಮ ತಿದ್ದಿದೆವು. ಬಿಲ್ಲಿಂಗ್ ಸಾಫ್ಟ್‌ವೇರ್ ಮುಂದೆ ಇಟ್ಟುಕೊಂಡು ಮತ್ತೆ ಒತ್ತಿದಳು. "ಈಗ್ಲೂ ಎಲ್ಲಾ ಬಂದಿದೆ ಸರ್" ಅಂದಳು. ಅಳತೆ ನೋಡಿದರೆ 1920 ಮತ್ತು 1040. ಆ 40 ಪಿಕ್ಸೆಲ್ ಎಲ್ಲಿ ಹೋಯಿತು? ಅದು ಟಾಸ್ಕ್‌ಬಾರ್‌ನ ಎತ್ತರ. ಅಂದರೆ ಈ ಸಲ ಆಲ್ಟ್ ಸರಿಯಾಗಿ ಕೆಲಸ ಮಾಡಿತ್ತು. ಪರದೆ ತುಂಬ ಇದ್ದ ಒಂದು ವಿಂಡೋ ಬಂದಿತ್ತು, ಅಷ್ಟೇ. ವಿಂಡೋಸ್ 11ರಲ್ಲಿ ಟಾಸ್ಕ್‌ಬಾರ್ 48 ಪಿಕ್ಸೆಲ್. ಅಲ್ಲಿ ಇದೇ ಪರೀಕ್ಷೆಗೆ 1032ರ ಆಸುಪಾಸು ಬರುತ್ತದೆ. ಡಿಸ್‌ಪ್ಲೇ ಅಳತೆಯನ್ನು ಶೇಕಡಾ 125 ಅಥವಾ 150ಕ್ಕೆ ಏರಿಸಿಕೊಂಡಿದ್ದರೆ ಟಾಸ್ಕ್‌ಬಾರ್ ಕೂಡ ಅದೇ ಲೆಕ್ಕದಲ್ಲಿ ದಪ್ಪ ಆಗುತ್ತದೆ. ಒಟ್ಟಿನಲ್ಲಿ ಅಗಲ ಪೂರ್ತಿ ಇದ್ದು ಎತ್ತರ ಸ್ವಲ್ಪ ಕಡಿಮೆ ಬಂದರೆ ಕೀಬೋರ್ಡ್ ಮೇಲೆ ಅನುಮಾನ ಪಡಬೇಕಿಲ್ಲ.

ಎರಡು ಮಾನಿಟರ್ ಪಕ್ಕಪಕ್ಕ ಇದ್ದು ಅಗಲ 3840 ಬಂದರೆ ಎರಡೂ ಪರದೆ ಸೇರಿ ಬಂದಿದೆ. ಏನೂ ಉತ್ತರ ಬಾರದಿದ್ದರೆ ಕ್ಲಿಪ್‌ಬೋರ್ಡ್‌ನಲ್ಲಿ ಚಿತ್ರವೇ ಇಲ್ಲ. ಕೆಳಗಿನ "ಏನೂ ಅಂಟುತ್ತಿಲ್ಲ" ಭಾಗಕ್ಕೆ ಹೋಗಿ.

ಲಕ್ಷಣ: ವಿಂಡೋ ಬಂತು, ಆದರೆ ಬೇಡದ್ದೂ ಅದರೊಳಗೆ ಬಂತು

ಅಂಗಡಿಯ ಕತೆ ಇಲ್ಲಿಗೆ ಮುಗಿಯಲಿಲ್ಲ. ವಿಂಡೋ ಒಂದೇ ಬಂತು ಸರಿ. ಆದರೆ ಎರರ್ ಸಂದೇಶದ ಹಿಂದೆ ರೈತರ ಹೆಸರು, ಮೆಕ್ಕೆಜೋಳದ ಚೀಲದ ಲೆಕ್ಕ, ಬಾಕಿ ಎಲ್ಲ ಕಾಣುತ್ತಿತ್ತು. ಹುಡುಗಿಗೆ ಬೇಕಿದ್ದದ್ದು ನಡುವೆ ಇದ್ದ ಸಣ್ಣ ಎರರ್ ಡಬ್ಬಿ ಮಾತ್ರ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ನಮ್ಮ ಕಣ್ಣಿಗೆ ಡಬ್ಬಿಯ ಹಾಗೆ ಕಾಣುವುದೆಲ್ಲ ವಿಂಡೋಸ್‌ನ ಲೆಕ್ಕದಲ್ಲಿ ವಿಂಡೋ ಅಲ್ಲ. ಎರಡು ಜಾತಿ ಇವೆ. ಕೆಲವು ಸಂದೇಶಗಳು ನಿಜವಾದ ಬೇರೆ ವಿಂಡೋಗಳು. ನೋಟ್‌ಪ್ಯಾಡ್‌ನಲ್ಲಿ ಫೈಲ್ ಸೇವ್ ಮಾಡಲು ಹೋದಾಗ ಜಾಗ ಕೇಳುವ ಡಬ್ಬಿ ಅಂಥದ್ದು. ಅದು ತೆರೆದಿರುವಾಗ ಆಲ್ಟ್ + ಪ್ರಿಂಟ್ ಸ್ಕ್ರೀನ್ ಒತ್ತಿದರೆ ಅದೊಂದೇ ಬರುತ್ತದೆ. ಹಿಂದಿನ ನೋಟ್‌ಪ್ಯಾಡ್ ಬರುವುದಿಲ್ಲ. ಇನ್ನು ಕೆಲವನ್ನು ಸಾಫ್ಟ್‌ವೇರ್ ತನ್ನ ವಿಂಡೋದ ಒಳಗೇ ಬಿಡಿಸಿರುತ್ತದೆ. ಬ್ರೌಸರ್‌ನಲ್ಲಿ ಒಂದು ವೆಬ್ ಪುಟದ ನಡುವೆ ಮೂಡುವ ಸಂದೇಶ ಹಾಗೆಯೇ. ಅದು ಪುಟದ ಒಂದು ಭಾಗ. ಅದನ್ನು ಮಾತ್ರ ಹಿಡಿಯಲು ಆಲ್ಟ್‌ಗೆ ಆಗುವುದಿಲ್ಲ.

ಪರೀಕ್ಷೆ ಸರಳ. ಡಬ್ಬಿಯ ಮೇಲಿನ ಪಟ್ಟಿಯನ್ನು ಮೌಸ್‌ನಿಂದ ಹಿಡಿದು ದೊಡ್ಡ ವಿಂಡೋದ ಅಂಚಿನಾಚೆಗೆ ಎಳೆಯಿರಿ. ಆಚೆ ಬಂದರೆ ಅದು ಸ್ವತಂತ್ರ ವಿಂಡೋ. ಜರುಗದೇ ನಿಂತರೆ, ಅಥವಾ ಅಂಚಿಗೆ ಬಂದು ಅಡಗಿದರೆ, ಅದು ಒಳಗಿನ ಚಿತ್ರ. ಅಂಗಡಿಯಲ್ಲಿ ಜರುಗಲೇ ಇಲ್ಲ.

ಅಂಥ ಕಡೆ ಆಲ್ಟ್ ಜೊತೆ ಗುದ್ದಾಡಬೇಡಿ. ವಿಂಡೋಸ್ ಕೀ + ಶಿಫ್ಟ್ + ಎಸ್ ಒತ್ತಿ. ಪರದೆ ಮಂಕಾಗುತ್ತದೆ. ಬೇಕಾದಷ್ಟು ಜಾಗವನ್ನು ಮೌಸ್‌ನಿಂದ ಚೌಕ ಎಳೆದು ಬಿಡಿ. ಅಷ್ಟು ಮಾತ್ರ ಕ್ಲಿಪ್‌ಬೋರ್ಡ್‌ಗೆ ಬರುತ್ತದೆ. ಅವತ್ತು ಆಡಿಟರ್‌ಗೆ ಕೊನೆಗೆ ಹೋದದ್ದು ಹೀಗೆ ತೆಗೆದ ಚಿತ್ರ. ಮೊದಲು ಕಳಿಸಿದ್ದನ್ನು "ಎಲ್ಲರಿಗೂ ಅಳಿಸು" ಮಾಡಿಸಿದೆವು. ಆಡಿಟರ್‌ಗೂ ಫೋನ್ ಮಾಡಿ, ಫೋನಿನ ಗ್ಯಾಲರಿಯಲ್ಲಿ ಉಳಿದಿದ್ದರೆ ತೆಗೆಯಿರಿ ಎಂದು ಹೇಳಿಸಿದೆವು. ಚಾಟ್‌ನಲ್ಲಿ ಅಳಿಸಿದ ಮಾತ್ರಕ್ಕೆ ಬೇರೆಯವರ ಫೋನಿನಲ್ಲಿ ಸೇವ್ ಆದದ್ದು ಹೋಗಿದೆ ಎಂದು ನಂಬುವ ಹಾಗಿಲ್ಲ.

ಬ್ರೌಸರ್ ಬಳಸುವವರಿಗೆ ಇನ್ನೊಂದು ಮಾತು. ಬ್ರೌಸರ್ ವಿಂಡೋ ಹಿಡಿದರೆ ಮೇಲಿನ ಟ್ಯಾಬ್‌ಗಳ ಹೆಸರು, ವಿಳಾಸದ ಸಾಲು, ಬುಕ್‌ಮಾರ್ಕ್ ಎಲ್ಲ ಸೇರಿ ಬರುತ್ತವೆ. ಬೇಕಾದ ಟ್ಯಾಬ್ ಅನ್ನು ಕೆಳಗೆ ಎಳೆದು ಬಿಟ್ಟರೆ ಅದು ಬೇರೆ ವಿಂಡೋ ಆಗುತ್ತದೆ. ಆಮೇಲೆ ಆಲ್ಟ್ + ಪ್ರಿಂಟ್ ಸ್ಕ್ರೀನ್ ಒತ್ತಿ. ಉಳಿದ ಟ್ಯಾಬ್‌ಗಳ ಹೆಸರು ಬರುವುದಿಲ್ಲ.

ಯಾವಾಗಲೂ ಮೇಲೆಯೇ ನಿಲ್ಲುವ ಸಣ್ಣ ವಿಂಡೋಗಳಿದ್ದರೆ ಎಚ್ಚರ. ತೇಲುವ ವಿಡಿಯೋ, ಕ್ಯಾಲ್ಕುಲೇಟರ್, ಮೂಲೆಯಲ್ಲಿ ಮೂಡುವ ಸಂದೇಶದ ಸೂಚನೆ ಇಂಥವು ನಿಮ್ಮ ವಿಂಡೋದ ಮೇಲೆ ಕೂತಿದ್ದರೆ ಅವೂ ಚಿತ್ರದಲ್ಲಿ ಬರಬಹುದು. ಒಟಿಪಿ ಬರುವ ಹೊತ್ತಿನಲ್ಲಿ ಸ್ಕ್ರೀನ್‌ಶಾಟ್ ತೆಗೆಯಬೇಡಿ. ತೆಗೆದರೂ ಕಳಿಸುವ ಮೊದಲು ಪೇಂಟ್‌ನಲ್ಲಿ ಅಂಟಿಸಿ ನಾಲ್ಕೂ ಮೂಲೆ ನೋಡಿ.

ಲಕ್ಷಣ: ಪರದೆ ಮಂಕಾಗಿ ಮೇಲೊಂದು ಪಟ್ಟಿ ಬರುತ್ತದೆ

ಇದು ಸ್ನಿಪ್ಪಿಂಗ್ ಟೂಲ್. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಬರೀ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಇದು ತೆರೆಯುತ್ತದೆ. ಆಲ್ಟ್ ಜೊತೆ ಒತ್ತಿದರೆ ತೆರೆಯಬಾರದು. ಆದ್ದರಿಂದ ಈ ಲಕ್ಷಣದಿಂದ ನಮಗೆ ಒಳ್ಳೆಯ ಸುಳಿವೇ ಸಿಗುತ್ತದೆ. ಪ್ರಿಂಟ್ ಸ್ಕ್ರೀನ್ ಕೀ ಚೆನ್ನಾಗಿದೆ, ವಿಂಡೋಸ್‌ಗೆ ಆಲ್ಟ್ ತಲುಪಿಲ್ಲ. ಎಸ್ಕೇಪ್ ಒತ್ತಿ ಹೊರಬನ್ನಿ. ಎಡ ಆಲ್ಟ್ ಮೊದಲು ಹಿಡಿದು ಮತ್ತೆ ನೋಡಿ. ಆಗಲೂ ಇದೇ ಬಂದರೆ ಆಲ್ಟ್ ಕೀಯನ್ನೇ ಪರೀಕ್ಷಿಸಿ. ಆಲ್ಟ್ + ಟ್ಯಾಬ್ ಒತ್ತಿದಾಗ ವಿಂಡೋಗಳ ಸಾಲು ಕಾಣದಿದ್ದರೆ ಆಲ್ಟ್ ಕೆಟ್ಟಿದೆ.

ಈ ಟೂಲ್ ಪದೇ ಪದೇ ಬಂದು ಕಿರಿಕಿರಿ ಆಗುತ್ತಿದ್ದರೆ ನಿಲ್ಲಿಸಬಹುದು. ವಿಂಡೋಸ್ 11ರಲ್ಲಿ `Settings > Accessibility > Keyboard` ತೆರೆದು `Use the Print screen key to open screen capture` ಎಂಬುದನ್ನು ಆಫ್ ಮಾಡಿ. ವಿಂಡೋಸ್ 10ರಲ್ಲಿ `Settings > Ease of Access > Keyboard` ಒಳಗೆ ಇಂಥದೇ ಆಯ್ಕೆ ಇದೆ. ಆದರೆ ಒಂದು ಯೋಚನೆ ಮಾಡಿ. ಆಫ್ ಮಾಡಿದ ಮೇಲೆ ಆಲ್ಟ್ ತಪ್ಪಿದರೆ ಸದ್ದಿಲ್ಲದೆ ಇಡೀ ಡೆಸ್ಕ್‌ಟಾಪ್ ಕಾಪಿ ಆಗುತ್ತದೆ. ಆನ್ ಇದ್ದರೆ ಮಂಕು ಪರದೆ ಬಂದು ತಪ್ಪನ್ನು ಅಲ್ಲೇ ತೋರಿಸುತ್ತದೆ. ಬೇರೆಯವರ ದಾಖಲೆ ತೆರೆದಿಟ್ಟುಕೊಂಡು ಕೆಲಸ ಮಾಡುವ ಅಂಗಡಿಗಳಲ್ಲಿ ನಾನು ಇದನ್ನು ಆನ್ ಇಟ್ಟೇ ಬರುತ್ತೇನೆ.

ಲಕ್ಷಣ: ಏನೂ ಅಂಟುತ್ತಿಲ್ಲ, ಅಥವಾ ನಿನ್ನೆಯ ಚಿತ್ರ ಅಂಟುತ್ತಿದೆ

ಮೊದಲು ಎಲ್ಲಿಗೆ ಅಂಟಿಸುತ್ತಿದ್ದೀರಿ ನೋಡಿ. ನೋಟ್‌ಪ್ಯಾಡ್ ಚಿತ್ರ ತೆಗೆದುಕೊಳ್ಳುವುದಿಲ್ಲ. ಫಾರ್ಮಿನ ಖಾಲಿ ಜಾಗಗಳೂ ಬಹುತೇಕ ತೆಗೆದುಕೊಳ್ಳುವುದಿಲ್ಲ. ಪೇಂಟ್ ತೆರೆದು ಅಂಟಿಸಿ.

ಪೇಂಟ್‌ನಲ್ಲೂ ಹಳೆಯದೇ ಬಂದರೆ ನಿಮ್ಮ ಒತ್ತುವಿಕೆ ವಿಂಡೋಸ್‌ಗೆ ತಲುಪೇ ಇಲ್ಲ. ಲ್ಯಾಪ್‌ಟಾಪ್ ಆಗಿದ್ದರೆ ಮೊದಲು `Fn` ಕೀ ನೋಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಪ್ರಿಂಟ್ ಸ್ಕ್ರೀನ್ ಬೇರೆ ಕೀ ಜೊತೆ ಜಾಗ ಹಂಚಿಕೊಂಡಿರುತ್ತದೆ. ಒಂದೇ ಕೀ ಮೇಲೆ `Insert` ಮತ್ತು `PrtSc` ಎರಡೂ ಬರೆದಿದ್ದು, ಒಂದು ಬೇರೆ ಬಣ್ಣದಲ್ಲಿ ಅಥವಾ ಚೌಕದೊಳಗೆ ಇದ್ದರೆ ಅದಕ್ಕೆ ಎಫ್‌ಎನ್ ಬೇಕು ಅಂತ ಅರ್ಥ. ಆಗ ಎಡ ಆಲ್ಟ್, ಎಫ್‌ಎನ್ ಎರಡನ್ನೂ ಹಿಡಿದು ಪ್ರಿಂಟ್ ಸ್ಕ್ರೀನ್ ತಟ್ಟಬೇಕು.

ಮೂರು ಕೀ ಹಿಡಿಯುವಾಗ ಬೆರಳು ಜಾರಿ ಆಲ್ಟ್ ಪಕ್ಕದ ವಿಂಡೋಸ್ ಕೀ ಮೇಲೂ ಬೀಳುವುದುಂಟು. ಆಗ ಬೇರೆಯದೇ ಆಗುತ್ತದೆ. ವಿಂಡೋಸ್ + ಆಲ್ಟ್ + ಪ್ರಿಂಟ್ ಸ್ಕ್ರೀನ್ ಅಂದರೆ ಗೇಮ್ ಬಾರ್‌ನ ಸ್ಕ್ರೀನ್‌ಶಾಟ್. ಅದು ಚಾಲ್ತಿಯ ವಿಂಡೋವನ್ನೇ ತೆಗೆದು ಫೈಲ್ ಆಗಿ ಸೇವ್ ಮಾಡುತ್ತದೆ. `Videos` ಫೋಲ್ಡರ್ ಒಳಗಿನ `Captures` ನೋಡಿ. ಅಂಟಿಸಲು ಸಿಗದ ಚಿತ್ರ ಅಲ್ಲಿ ಕೂತಿರಬಹುದು. ಬರೀ ವಿಂಡೋಸ್ + ಪ್ರಿಂಟ್ ಸ್ಕ್ರೀನ್ ಆದರೆ ಪರದೆ ಒಂದು ಕ್ಷಣ ಮಂಕಾಗಿ ಇಡೀ ಡೆಸ್ಕ್‌ಟಾಪ್ `Pictures` ಒಳಗಿನ `Screenshots`ಗೆ ಸೇವ್ ಆಗುತ್ತದೆ. ಈ ಎರಡೂ ಫೋಲ್ಡರ್‌ಗಳನ್ನು ಆಗಾಗ ಖಾಲಿ ಮಾಡಿ. ಬೇಡದ ಚಿತ್ರಗಳು ಯಾರಿಗೂ ಗೊತ್ತಿಲ್ಲದೆ ಅಲ್ಲೇ ಉಳಿದಿರುತ್ತವೆ.

ಒಂದೇ ಕೈ ಬಳಸುವವರಿಗೆ, ಬೆರಳು ನಡುಗುವವರಿಗೆ ಈ ಕೀ ಜೋಡಿ ಕಷ್ಟ. ಅವರಿಗೆ `Sticky keys` ಎಂಬ ಸೌಲಭ್ಯ ಇದೆ. ಮೇಲೆ ಹೇಳಿದ ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ ಸಿಗುತ್ತದೆ. ಅದನ್ನು ಆನ್ ಮಾಡಿದರೆ ಆಲ್ಟ್ ಒತ್ತಿ ಬಿಟ್ಟು, ಆಮೇಲೆ ನಿಧಾನವಾಗಿ ಪ್ರಿಂಟ್ ಸ್ಕ್ರೀನ್ ಒತ್ತಿದರೂ ಸಾಕು.

ಇದೆಲ್ಲ ಆದ ಮೇಲೂ ಆಗದಿದ್ದರೆ, ದೋಷ ಕೀಯದೋ ವಿಂಡೋಸ್‌ನದೋ ಎಂದು ಬೇರ್ಪಡಿಸಬೇಕು. ವಿಂಡೋಸ್ + ಕಂಟ್ರೋಲ್ + ಒ ಒತ್ತಿದರೆ ಪರದೆಯ ಮೇಲೆ ಕೀಬೋರ್ಡ್ ತೆರೆಯುತ್ತದೆ. ಅದನ್ನು ನೋಟ್‌ಪ್ಯಾಡ್‌ನಿಂದ ದೂರ ಸರಿಸಿ. ನೋಟ್‌ಪ್ಯಾಡ್ ಮೇಲಿನ ಪಟ್ಟಿಯನ್ನು ಕ್ಲಿಕ್ ಮಾಡಿ. ಪರದೆಯ ಕೀಬೋರ್ಡ್‌ನಲ್ಲಿ `Alt`, ಆಮೇಲೆ `PrtScn` ಮೌಸ್‌ನಿಂದ ಒತ್ತಿ. ಪೇಂಟ್‌ನಲ್ಲಿ ನೋಟ್‌ಪ್ಯಾಡ್ ಬಂದರೆ ವಿಂಡೋಸ್ ಸರಿ ಇದೆ, ಕೈಯಲ್ಲಿರುವ ಕೀಬೋರ್ಡ್ ಕೆಟ್ಟಿದೆ. ಇದರಲ್ಲೂ ಬಾರದಿದ್ದರೆ ಬೇರೆ ಯಾವುದೋ ಪ್ರೋಗ್ರಾಂ ಕೀಯನ್ನು ನಡುವೆ ಹಿಡಿಯುತ್ತಿದೆ.

ಲಕ್ಷಣ: ಒತ್ತಿದ ತಕ್ಷಣ ಬೇರೆ ಪ್ರೋಗ್ರಾಂ ಎದ್ದು ಬರುತ್ತದೆ, ಅಥವಾ ತಾನಾಗಿ ಸೇವ್ ಆಗುತ್ತದೆ

ಸ್ಕ್ರೀನ್‌ಶಾಟ್‌ಗೆಂದೇ ಇರುವ ಗ್ರೀನ್‌ಶಾಟ್, ಶೇರ್‌ಎಕ್ಸ್ ಮುಂತಾದ ಪ್ರೋಗ್ರಾಂಗಳು ಈ ಕೀಯನ್ನು ತಮ್ಮದಾಗಿಸಿಕೊಳ್ಳುತ್ತವೆ. ಗಡಿಯಾರದ ಪಕ್ಕದ ಬಾಣದ ಗುರುತು ಒತ್ತಿದರೆ ಅವುಗಳ ಚಿಹ್ನೆ ಸಿಗುತ್ತದೆ. ಬಲ ಕ್ಲಿಕ್ ಮಾಡಿ ಮುಚ್ಚಿ, ಮತ್ತೆ ಪರೀಕ್ಷಿಸಿ. ಸರಿಹೋದರೆ ಕಳ್ಳ ಸಿಕ್ಕ ಹಾಗೆ. ಆ ಪ್ರೋಗ್ರಾಂ ಬೇಕೇ ಬೇಕು ಅನ್ನುವವರು ಅದರ ಸೆಟ್ಟಿಂಗ್‌ನಲ್ಲಿ ಬೇರೆ ಕೀ ಕೊಟ್ಟುಕೊಳ್ಳಿ.

ಒನ್‌ಡ್ರೈವ್ ಬಗ್ಗೆ ಮಾತ್ರ ನಿಧಾನವಾಗಿ ನೋಡಿ. ಅದರ ಸೆಟ್ಟಿಂಗ್‌ನಲ್ಲಿ `Sync and backup` ಒಳಗೆ `Save screenshots I capture to OneDrive` ಎಂಬ ಆಯ್ಕೆ ಇದೆ. ಅದು ಆನ್ ಇದ್ದರೆ ನೀವು ತೆಗೆದ ಚಿತ್ರ ಕ್ಲಿಪ್‌ಬೋರ್ಡ್ ಜೊತೆಗೆ ಇಂಟರ್ನೆಟ್‌ನಲ್ಲಿರುವ ಖಾತೆಗೂ ಹೋಗುತ್ತದೆ. ಅಂಗಡಿಯ ಕಂಪ್ಯೂಟರ್‌ನಲ್ಲಿ ಹಿಂದೆ ಕೆಲಸ ಬಿಟ್ಟು ಹೋದವರ ಖಾತೆ ಹಾಗೇ ಲಾಗಿನ್ ಆಗಿದ್ದರೆ ಯೋಚಿಸಿ, ನಿಮ್ಮ ಚಿತ್ರಗಳು ಅವರ ಖಾತೆಗೆ ಹೋಗುತ್ತಿರುತ್ತವೆ. ಈ ಲಕ್ಷಣ ಕಂಡರೆ ಮೊದಲು ಆ ಆಯ್ಕೆ ಆಫ್ ಮಾಡಿ. ಖಾತೆ ಯಾರದು ಅನ್ನುವುದನ್ನು ಆಮೇಲೆ ವಿಚಾರಿಸಿ.

ಲಕ್ಷಣ: ತೆರೆದ ಮೆನು ಚಿತ್ರದಲ್ಲಿ ಮಾಯ

ಆಲ್ಟ್‌ಗೆ ಇನ್ನೊಂದು ಕೆಲಸವೂ ಇದೆ, ಮೆನು ಪಟ್ಟಿಯನ್ನು ಎಬ್ಬಿಸುವುದು. ಹಾಗಾಗಿ ಇಳಿದುಕೊಂಡಿದ್ದ ಮೆನು ಆಲ್ಟ್ ಒತ್ತಿದ ತಕ್ಷಣ ಮುಚ್ಚಿಕೊಳ್ಳುತ್ತದೆ. ಕೀಬೋರ್ಡ್ ಕೆಟ್ಟಿಲ್ಲ. ಸ್ನಿಪ್ಪಿಂಗ್ ಟೂಲ್ ತೆರೆದು, ಗಡಿಯಾರದ ಚಿಹ್ನೆಯಲ್ಲಿ 3, 5 ಅಥವಾ 10 ಸೆಕೆಂಡ್ ತಡ ಇಟ್ಟು, ಆ ಹೊತ್ತಿನಲ್ಲಿ ಮೆನು ತೆರೆದಿಡಿ.

ಲಕ್ಷಣ: ವಿಂಡೋ ಇದ್ದ ಜಾಗ ಪೂರ್ತಿ ಕಪ್ಪು

ಕೆಲವು ಪ್ರೋಗ್ರಾಂಗಳು ತಮ್ಮ ವಿಂಡೋ ಸ್ಕ್ರೀನ್‌ಶಾಟ್‌ನಲ್ಲಿ ಬರಬಾರದು ಎಂದು ವಿಂಡೋಸ್‌ಗೆ ಹೇಳಿರುತ್ತವೆ. ಹಣ ಕೊಟ್ಟು ನೋಡುವ ಸಿನಿಮಾ ವಿಡಿಯೋಗಳಲ್ಲೂ ಹೀಗಾಗುವುದುಂಟು. ಇದನ್ನು ಬೇಕೆಂದೇ ಇಟ್ಟಿರುತ್ತಾರೆ. ಇಲ್ಲಿಗೆ ನಿಲ್ಲಿಸಿ. ದಾಟಿಸಿ ಕೊಡುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳನ್ನು ಹಾಕಿಕೊಳ್ಳಬೇಡಿ. ಪರದೆಯನ್ನೇ ಓದುವ ಅಂಥ ಪ್ರೋಗ್ರಾಂಗೆ ನಿಮ್ಮ ಪಾಸ್‌ವರ್ಡ್ ಕೂಡ ಕಾಣುತ್ತದೆ. ಎರರ್ ಸಂದೇಶ ಬೇಕಿದ್ದರೆ ಅದರ ಸಂಖ್ಯೆ ಬರೆದುಕೊಂಡರೂ ಆಯಿತು.

ಲಕ್ಷಣ: ಬೇರೆ ಊರಿನ ಕಂಪ್ಯೂಟರ್ ಒಳಗಿನ ವಿಂಡೋ ಬೇಕು, ಇಡೀ ರಿಮೋಟ್ ಪರದೆ ಬರುತ್ತದೆ

ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ನಿಮ್ಮ ಕಂಪ್ಯೂಟರ್‌ಗೆ ಆ ದೂರದ ಪರದೆಯೇ ಒಂದು ವಿಂಡೋ. ಅದಕ್ಕೇ ಅದು ಪೂರ್ತಿ ಬರುತ್ತದೆ. ಒಳಗಿನ ಚಾಲ್ತಿ ವಿಂಡೋ ಬೇಕಿದ್ದರೆ ಕಂಟ್ರೋಲ್ + ಆಲ್ಟ್ ಹಿಡಿದು ನಂಬರ್ ಪ್ಯಾಡ್‌ನ ಮೈನಸ್ ಒತ್ತಿ. ಚಿತ್ರ ದೂರದ ಕಂಪ್ಯೂಟರ್‌ನ ಕ್ಲಿಪ್‌ಬೋರ್ಡ್‌ನಲ್ಲಿ ಸಿಗುತ್ತದೆ. ಅಲ್ಲಿಯೇ ಪೇಂಟ್ ತೆರೆದು ಅಂಟಿಸಿ ನೋಡಿ.

ಕೀಬೋರ್ಡೇ ಕೆಟ್ಟಿದೆ ಎಂದು ಖಾತ್ರಿಯಾದರೆ

ಪರದೆಯ ಕೀಬೋರ್ಡ್‌ನಲ್ಲಿ ಕೆಲಸ ಮಾಡಿ, ಕೈಯ ಕೀಬೋರ್ಡ್‌ನಲ್ಲಿ ಮಾಡದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಯಾರ್ಡ್ ಅಂಗಡಿಗಳಲ್ಲಿ ಮೆಕ್ಕೆಜೋಳದ ಸೀಸನ್ ಬಂದರೆ ಸಣ್ಣ ಧೂಳು ಎಲ್ಲ ಕಡೆ ಕೂರುತ್ತದೆ. ದಿನಾ ಒತ್ತುವ ಕೀಗಳ ಕೆಳಗೆ ಅದು ನಿಲ್ಲುವುದು ಕಷ್ಟ. ಪ್ರಿಂಟ್ ಸ್ಕ್ರೀನ್‌ನಂತೆ ತಿಂಗಳಿಗೊಮ್ಮೆ ಒತ್ತುವ ಕೀ ಕೆಳಗೆ ಆರಾಮವಾಗಿ ಗಟ್ಟಿಯಾಗುತ್ತದೆ. ಅಕ್ಕಪಕ್ಕದ ಕೀಗಿಂತ ಇದು ಬಿರುಸಾಗಿದ್ದರೆ, ಒತ್ತಿದರೆ ನಿಧಾನ ಮೇಲೆ ಬಂದರೆ, ಧೂಳೇ ಕಾರಣ ಇರಬಹುದು.

ಡೆಸ್ಕ್‌ಟಾಪ್ ಕೀಬೋರ್ಡ್ ಆದರೆ ಮೊದಲು ಬೇರೆ ಯುಎಸ್‌ಬಿ ಕೀಬೋರ್ಡ್ ಎರವಲು ತಂದು ಹಾಕಿ ನೋಡಿ. ಅದರಲ್ಲಿ ಬಂದರೆ ಉತ್ತರ ಸಿಕ್ಕಿತು. ಆಮೇಲೆ ಹಳೆಯದರ ವೈರ್ ಕಿತ್ತು, ತಲೆಕೆಳಗು ಹಿಡಿದು ಮೆಲ್ಲಗೆ ತಟ್ಟಿ, ಒಣ ಮೆತ್ತನೆಯ ಬ್ರಷ್‌ನಿಂದ ಗುಡಿಸಿ. ನೀರು, ಒದ್ದೆ ಬಟ್ಟೆ, ಎಣ್ಣೆ ಯಾವುದೂ ಬೇಡ. ವೈರ್ ಹಾಕಿಟ್ಟುಕೊಂಡು ಚೊಕ್ಕ ಮಾಡಿದರೆ ಬೇಡದ ಕೀ ಒತ್ತಿ ಲೆಕ್ಕದಲ್ಲಿ ಏನಾದರೂ ಅಳಿಸಿಹೋಗಬಹುದು.

ಲ್ಯಾಪ್‌ಟಾಪ್ ಆದರೆ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಮೇಲಿಂದ ಬ್ರಷ್ ಆಡಿಸುವುದಷ್ಟೇ ನಿಮ್ಮ ಕೆಲಸ. ಕೀ ಮುಚ್ಚಳ ಎಬ್ಬಿಸಲು ಹೋಗಬೇಡಿ. ಒಳಗಿನ ಪ್ಲಾಸ್ಟಿಕ್ ಕೊಂಡಿ ಬಲು ತೆಳು, ಮುರಿದರೆ ಬಿಡಿಯಾಗಿ ಸಿಗುವುದು ಕಷ್ಟ. ಚಹಾ ಅಥವಾ ನೀರು ಚೆಲ್ಲಿದ್ದರೆ, ಒಂದಕ್ಕಿಂತ ಹೆಚ್ಚು ಕೀ ಸತ್ತಿದ್ದರೆ, ಅಥವಾ ಕೀಬೋರ್ಡ್ ಭಾಗ ಉಬ್ಬಿದ ಹಾಗೆ ಕಂಡರೆ ಪರೀಕ್ಷೆ ನಿಲ್ಲಿಸಿ. ಉಬ್ಬಿದ್ದರೆ ಒಳಗೆ ಬ್ಯಾಟರಿ ಊದಿರಬಹುದು. ಅದನ್ನು ಒತ್ತಬೇಡಿ, ಚಾರ್ಜಿಗೆ ಹಾಕಬೇಡಿ, ರಿಪೇರಿಯವರ ಹತ್ತಿರ ಒಯ್ಯಿರಿ.

ಎರವಲು ಕೀಬೋರ್ಡ್‌ನಲ್ಲೂ ಬರದಿದ್ದರೆ, ಯಾರೋ ಹಿಂದೆ ಕೀಗಳನ್ನು ಬದಲಿಸಿಟ್ಟಿರುವ ಸಾಧ್ಯತೆ ಉಳಿಯುತ್ತದೆ. ಮೇಲೆ ಹೇಳಿದ `Windows PowerShell` ತೆರೆದು ಈ ಸಾಲು ಟೈಪ್ ಮಾಡಿ ನೋಡಬಹುದು:

```
reg query "HKLM\SYSTEM\CurrentControlSet\Control\Keyboard Layout" /v "Scancode Map"
```

ಸಿಗಲಿಲ್ಲ ಎಂಬ ಉತ್ತರ ಬಂದರೆ ಈ ಜಾಗದಲ್ಲಿ ಬದಲಾವಣೆ ಇಲ್ಲ. ಉದ್ದನೆಯ ಅಂಕಿಗಳ ಸಾಲು ಬಂದರೆ ಬದಲಾವಣೆ ಇದೆ. ಆದರೆ ಅದನ್ನು ನೀವೇ ಅಳಿಸಬೇಡಿ. ಕೆಟ್ಟ ಕೀಗೆ ಬದಲಾಗಿ ಬೇರೆ ಕೀ ಕೊಡಲು ಯಾರೋ ಅದನ್ನು ಮಾಡಿರಬಹುದು. ಅಳಿಸಿದರೆ ನಾಳೆ ಲಾಗಿನ್ ಪಾಸ್‌ವರ್ಡ್ ಟೈಪ್ ಮಾಡಲು ಬೇಕಾದ ಅಕ್ಷರವೇ ಸಿಗದೆ ಹೋಗಬಹುದು. ಆ ಸಾಲನ್ನು ಫೋಟೋ ತೆಗೆದು ಕಂಪ್ಯೂಟರ್ ನೋಡಿಕೊಳ್ಳುವವರಿಗೆ ತೋರಿಸಿ. ಬ್ಯಾಂಕ್, ಕಾಲೇಜು, ಸರ್ಕಾರಿ ಕಚೇರಿಯ ಕಂಪ್ಯೂಟರ್ ಆದರೆ ಈ ಸಾಲು ಟೈಪ್ ಮಾಡುವ ಮೊದಲೇ ಅಲ್ಲಿನವರನ್ನು ಕೇಳಿ. ಅಲ್ಲಿ ಸ್ಕ್ರೀನ್‌ಶಾಟ್ ತೆಗೆಯುವುದನ್ನೇ ಬೇಕೆಂದು ನಿಲ್ಲಿಸಿರಬಹುದು.

ಯಾರ್ಡ್ ಅಂಗಡಿಯ ಹುಡುಗಿ ಈಗ ಕೆಲಸದ ವಿಂಡೋವನ್ನು ಚಿಕ್ಕದು ಮಾಡಿ, ಎಡಗೈಯಲ್ಲಿ ಆಲ್ಟ್ ಹಿಡಿದು, ಬಲಗೈಯಲ್ಲಿ ತಟ್ಟಿ, ಮೊದಲು ಪೇಂಟ್‌ನಲ್ಲಿ ಅಂಟಿಸಿ ನೋಡುತ್ತಾಳೆ. ಕೆಳಗೆ ಗಡಿಯಾರ ಕಂಡರೆ ಆ ಚಿತ್ರ ಅಲ್ಲಿಂದ ಆಚೆ ಹೋಗುವುದಿಲ್ಲ.